ತಡೆಯೋ, ರದ್ದೋ? ಶಿಖರಜಿಯ ಕಾಗದಗಳನ್ನು ಕಿರ್ದಿ ಪುಸ್ತಕದಂತೆ ಓದಿದಾಗ



2022ರ ಡಿಸೆಂಬರ್ ಕೊನೆಯ ವಾರ ನಿಮಗೆಲ್ಲ ನೆನಪಿರಬೇಕು. ಶ್ರೀ ಸಮ್ಮೇದ ಶಿಖರಜಿಯನ್ನು ಪ್ರವಾಸಿ ತಾಣ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿ, ಇಪ್ಪತ್ತು ತೀರ್ಥಂಕರರ ಮೋಕ್ಷಭೂಮಿಗಾಗಿ ದೇಶದ ತುಂಬ ನಮ್ಮ ಸಮಾಜ ಬೀದಿಗಿಳಿದಿತ್ತು. ನಮ್ಮ ಊರಿನಲ್ಲೂ ಅಂಗಡಿ ಮುಚ್ಚಿ ಮೆರವಣಿಗೆ ಮಾಡಿದೆವು. ಅಂದು ಜಿಲ್ಲಾಧಿಕಾರಿಗಳಿಗೆ ಕೊಟ್ಟ ಮನವಿ ಪತ್ರವನ್ನು ಬರೆದವನು ನಾನೇ. ಅದರ ಮೊದಲ ಬೇಡಿಕೆ ಹೀಗಿತ್ತು: "ಕೇಂದ್ರ ಸರ್ಕಾರದ 2019ರ ಅಧಿಸೂಚನೆಯನ್ನು ಪೂರ್ತಿಯಾಗಿ ರದ್ದು ಮಾಡಬೇಕು."

ಮನವಿ ಟೈಪ್ ಮಾಡಲು ಬಂದ ನನ್ನ ತಮ್ಮನ ಮಗಳು ಅಲ್ಲಿಗೆ ಕೈ ನಿಲ್ಲಿಸಿ ಕೇಳಿದಳು: "ದೊಡ್ಡಪ್ಪ, ಈ ಅಧಿಸೂಚನೆ ನೀವು ಪೂರ್ತಿ ಓದೀರೇನು?"

ಓದಿರಲಿಲ್ಲ. ಮೊಬೈಲಿಗೆ ಬಂದ ಒಂದು ಪುಟದ ಫೋಟೊ ನೋಡಿದ್ದೆ. ಅದರಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು. "ಓದೂದೇನೈತೆ, ಎಲ್ಲಾರೂ ಹೇಳಾಕತ್ತಾರ" ಎಂದು ಮನವಿ ಮುಗಿಸಿದೆ. ಕೊಟ್ಟೂ ಬಂದೆವು. ಆ ರಾತ್ರಿ ಅವಳು ಮೂಲ ರಾಜಪತ್ರವನ್ನು ಹುಡುಕಿ ಕಳಿಸಿದಳು. ಓದುತ್ತ ಹೋದಂತೆ ನಿದ್ದೆ ಹಾರಿತು. ಪೂರ್ತಿ ರದ್ದು ಮಾಡಿ ಎಂದು ನಾವು ಕೇಳಿದ ಅದೇ ಕಾಗದ, ಆ ಬೆಟ್ಟದ ಸುತ್ತ ವಾಣಿಜ್ಯ ಗಣಿಗಾರಿಕೆಯನ್ನೂ ಕಲ್ಲು ಕ್ವಾರಿ, ಕ್ರಷರ್‌ಗಳನ್ನೂ ನಿಷೇಧಿಸಿತ್ತು! ನಮ್ಮ ಬೇಡಿಕೆ ಅಕ್ಷರಶಃ ಈಡೇರಿದ್ದರೆ ಆ ನಿಷೇಧವೂ ಹೋಗುತ್ತಿತ್ತು.

ನಲವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಬಿಲ್ಲು ನೋಡದೆ ಮಾಲು ಇಳಿಸಿಕೊಂಡವನಲ್ಲ. ಆದರೆ ತೀರ್ಥದ ವಿಷಯದಲ್ಲಿ ಫೋಟೊ ನೋಡಿ ಸಹಿ ಹಾಕಿದ್ದೆ. ಈ ವಿಷಯ ಇನ್ನೂ ಮುಗಿದಿಲ್ಲ. ವರ್ಷಕ್ಕೆರಡು ಬಾರಿಯಾದರೂ ಹೊಸ ಸಂದೇಶ ಬರುತ್ತದೆ, ಹೊಸ ಮನವಿ ಸಿದ್ಧವಾಗುತ್ತದೆ. ಆದ್ದರಿಂದ ಶಿಖರಜಿಯ ಕಾಗದಗಳನ್ನೇ ಮುಂದಿಟ್ಟುಕೊಂಡು, ಸರ್ಕಾರಿ ದಾಖಲೆಯನ್ನು ಹೇಗೆ ಪರಿಶೀಲಿಸಿ ಓದಬೇಕು ಎಂಬುದನ್ನು ನಾನು ಕಲಿತ ಮಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಯಾವ ಕಾಗದ, ಯಾರ ಕಾಗದ

ಆಗ ಎಲ್ಲರ ಬಾಯಲ್ಲೂ "ಆ ಆದೇಶ" ಎಂಬ ಒಂದೇ ಮಾತಿತ್ತು. ನಿಜವಾಗಿ ಅಲ್ಲಿ ನಾಲ್ಕು ಬೇರೆ ಬೇರೆ ಕಾಗದಗಳಿದ್ದವು. ಅವನ್ನು ತಾರೀಖಿನ ಪ್ರಕಾರ ಕಿರ್ದಿಯಂತೆ ಬರೆದುಕೊಂಡ ಮೇಲೆಯೇ ನನಗೆ ವಿಷಯ ತಿಳಿಯಾಗಿದ್ದು.

ಮೊದಲನೆಯದು 1984ರದು. ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ರ ಅಡಿಯಲ್ಲಿ ಅಂದಿನ ಬಿಹಾರ ಸರ್ಕಾರ ಪಾರಸನಾಥ ವನ್ಯಜೀವಿ ಅಭಯಾರಣ್ಯವನ್ನು ಘೋಷಿಸಿತು. ಆಗ ಜಾರ್ಖಂಡ್ ರಾಜ್ಯವೇ ಇರಲಿಲ್ಲ.

ಎರಡನೆಯದು 2019ರ ಆಗಸ್ಟ್ 2ರದು. ಪರಿಸರ (ಸಂರಕ್ಷಣೆ) ಕಾಯಿದೆ, 1986ರ ಅಡಿಯಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪಾರಸನಾಥ ಮತ್ತು ತೋಪ್‌ಚಾಂಚಿ ಅಭಯಾರಣ್ಯಗಳ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಗೊತ್ತುಪಡಿಸಿದ ಅಧಿಸೂಚನೆ. ಇದರ ಸಂಖ್ಯೆ S.O. 2795(E). ಗಲಾಟೆ ಎದ್ದದ್ದು ಇದರ ಮೇಲೆ.

ಮೂರನೆಯದು ಜಾರ್ಖಂಡ್ ಸರ್ಕಾರದ ಪ್ರವಾಸೋದ್ಯಮ ನೀತಿ, 2021. ಇದು ಬಿಡುಗಡೆಯಾದದ್ದು 2022ರ ಜುಲೈನಲ್ಲಿ. ಪಾರಸನಾಥ, ಮಧುಬನ, ಇಟಖೋರಿಗಳನ್ನು ಧಾರ್ಮಿಕ ಯಾತ್ರಾಸ್ಥಳಗಳಾಗಿ ಬೆಳೆಸುವ ಮಾತು ಇದರಲ್ಲಿದೆ.

ನಾಲ್ಕನೆಯದು 2023ರ ಜನವರಿ 5ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಕಚೇರಿ ಜ್ಞಾಪನ. ನಾವು ಪಟಾಕಿ ಹೊಡೆಯದೆ ಸಿಹಿ ಹಂಚಿದ್ದು ಇದು ಬಂದ ದಿನ.

ಈ ನಾಲ್ಕನ್ನೂ ಒಂದೇ ತೂಕದವೆಂದು ಎಣಿಸಬಾರದು. ಅಧಿಸೂಚನೆ ಎಂದರೆ ಕಾಯಿದೆ ಕೊಟ್ಟ ಅಧಿಕಾರದಿಂದ ರಾಜಪತ್ರದಲ್ಲಿ ಅಚ್ಚಾದದ್ದು. ಅದಕ್ಕೆ ಕಾನೂನಿನ ಬಲವಿದೆ. ನೀತಿ ಎಂದರೆ ಸರ್ಕಾರದ ಮನಸ್ಸಿನ ಮಾತು. ಏನು ಮಾಡಬೇಕೆಂದಿದೆ ಎಂದು ಅದು ಹೇಳುತ್ತದೆಯೇ ಹೊರತು ಅದರಿಂದಲೇ ಯಾರಿಗೂ ಕಟ್ಟಡದ ಪರವಾನಗಿ ಸಿಗುವುದಿಲ್ಲ. ಕಚೇರಿ ಜ್ಞಾಪನ ಎಂದರೆ ಒಂದು ಕಚೇರಿ ಇನ್ನೊಂದಕ್ಕೆ ಕೊಡುವ ಆಡಳಿತದ ಸೂಚನೆ. ಪಕ್ಕಾ ರಸೀದಿ, ಕೊಟೇಶನ್ನು, ಚೀಟಿ ಈ ಮೂರಕ್ಕೂ ಇರುವ ವ್ಯತ್ಯಾಸ ವ್ಯಾಪಾರಿಗಳಿಗೆ ಹೇಳಿಕೊಡಬೇಕಿಲ್ಲ.

ಅಸಲಿಯೇ ಎಂದು ನೋಡುವುದು

ಮೊಬೈಲಿಗೆ ಬಂದ ಫೋಟೊ ಅಸಲಿ ಕಾಗದದ್ದೇ ಆಗಿರಬಹುದು, ಆದರೂ ಮೋಸ ಮಾಡಬಹುದು. ನನಗೆ ಬಂದ ಪುಟ ಅಸಲಿಯೇ ಆಗಿತ್ತು. ಆದರೆ ಹಿಂದಿನ ಪುಟ, ಮುಂದಿನ ಪುಟ ಇರಲಿಲ್ಲ. ಆದ್ದರಿಂದ ಮೊದಲ ನಿಯಮ: ಫೋಟೊವನ್ನು ಪರೀಕ್ಷಿಸುತ್ತ ಕೂರುವುದಲ್ಲ, ಅದರಲ್ಲಿರುವ ಸಂಖ್ಯೆ ಹಿಡಿದು ಮೂಲಕ್ಕೆ ಹೋಗುವುದು.

ಕೇಂದ್ರದ ರಾಜಪತ್ರ egazette.gov.in ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸಚಿವಾಲಯದ ಹೆಸರು ಮತ್ತು ತಾರೀಖು ಕೊಟ್ಟು ಹುಡುಕಬೇಕು. S.O. ಎಂದು ಆರಂಭವಾಗುವ ಸಂಖ್ಯೆ ಇದ್ದರೆ ಅದು ರಾಜಪತ್ರದ ಎರಡನೇ ಭಾಗ, ಮೂರನೇ ಖಂಡ, ಎರಡನೇ ಉಪಖಂಡದಲ್ಲಿರುತ್ತದೆ. G.S.R. ಎಂದಿದ್ದರೆ ಅದೇ ಖಂಡದ ಮೊದಲನೇ ಉಪಖಂಡ. ಸಂಖ್ಯೆಯ ಕೊನೆಯ (E) ಎಂದರೆ ವಿಶೇಷ ಸಂಚಿಕೆ. ಫೋಟೊದ ಮೇಲೆ ಉಪಖಂಡ ಒಂದು, ಕೆಳಗೆ S.O. ಸಂಖ್ಯೆ ಎಂದು ಕಂಡರೆ ಯಾರೋ ಎರಡು ಕಾಗದ ಜೋಡಿಸಿದ್ದಾರೆ ಎಂದು ಅನುಮಾನಿಸಿ.

ಇನ್ನೊಂದು ಸುಲಭದ ಪರೀಕ್ಷೆ ಪಂಚಾಂಗದ್ದು. ರಾಜಪತ್ರದ ತಲೆಬರಹದಲ್ಲಿ ವಾರ, ಇಂಗ್ಲಿಷ್ ತಾರೀಖು ಮತ್ತು ರಾಷ್ಟ್ರೀಯ ಶಕ ಪಂಚಾಂಗದ ತಾರೀಖು ಮೂರೂ ಅಚ್ಚಾಗುತ್ತವೆ. 2019ರ ಆಗಸ್ಟ್ 2 ಶುಕ್ರವಾರ. ಶಕ 1941ರ ಶ್ರಾವಣ 11. ಈ ಪಂಚಾಂಗದಲ್ಲಿ ಶ್ರಾವಣ ಜುಲೈ 23ಕ್ಕೆ ಶುರುವಾಗುತ್ತದೆ, ನಮ್ಮ ಮನೆಯ ಪಂಚಾಂಗದ ಶ್ರಾವಣಕ್ಕೂ ಅದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ನಕಲು ಮಾಡುವವರು ಇಂಗ್ಲಿಷ್ ತಾರೀಖನ್ನು ಬದಲಿಸಿ ವಾರವನ್ನೂ ಶಕ ತಾರೀಖನ್ನೂ ಹಾಗೆಯೇ ಬಿಟ್ಟರೆ ಅಲ್ಲಿ ಸಿಕ್ಕಿಬೀಳುತ್ತಾರೆ. ಅಧಿಸೂಚನೆಯ ತಾರೀಖಿಗೂ ರಾಜಪತ್ರದ ತಲೆಯ ತಾರೀಖಿಗೂ ಒಂದೆರಡು ದಿನದ ಅಂತರ ಇದ್ದರೆ ಅದು ದೋಷವಲ್ಲ. ಸಹಿಯಾದ ದಿನ ಬೇರೆ, ಅಚ್ಚಾದ ದಿನ ಬೇರೆ ಇರಬಹುದು.

ರಾಜಪತ್ರದಲ್ಲಿ ಮೊದಲು ಹಿಂದಿ, ಆಮೇಲೆ ಇಂಗ್ಲಿಷ್ ಇರುತ್ತದೆ. ಎಷ್ಟೋ ಜನ ಹಿಂದಿಯ ಪುಟಗಳನ್ನು ನೋಡಿ, ಅರ್ಥವಾಗದೆ, ಇನ್ನೊಬ್ಬರ ಮಾತಿಗೆ ಬೀಳುತ್ತಾರೆ. ಅರ್ಧದಿಂದ ಮುಂದೆ ಹೋಗಿ. ಕೊನೆಯಲ್ಲಿ ಅನುಬಂಧಗಳಿರುತ್ತವೆ: ವಲಯದ ನಕ್ಷೆ, ಗಡಿಯ ಅಕ್ಷಾಂಶ ರೇಖಾಂಶ, ಒಳಗೆ ಬರುವ ಹಳ್ಳಿಗಳ ಪಟ್ಟಿ. ನಿಮ್ಮ ಪ್ರಶ್ನೆ "ಈ ಜಾಗ ಒಳಗೋ ಹೊರಗೋ" ಎಂದಾದರೆ ಉತ್ತರ ಅಲ್ಲಿದೆ, ಭಾಷಣಗಳಲ್ಲಿಲ್ಲ.

ಕಚೇರಿ ಜ್ಞಾಪನ ಸಾಮಾನ್ಯವಾಗಿ ರಾಜಪತ್ರದಲ್ಲಿ ಬರುವುದಿಲ್ಲ. ಅದಕ್ಕೆ ಕಡತ ಸಂಖ್ಯೆ, ಹೊರಡಿಸಿದ ವಿಭಾಗ, ಅಧಿಕಾರಿಯ ಹುದ್ದೆ, ಯಾರಿಗೆ ಎಂಬ ವಿಳಾಸ ಇರಬೇಕು. ಸಚಿವಾಲಯದ ತಾಣದಲ್ಲಿ ಅಥವಾ ಸರ್ಕಾರದ ಪತ್ರಿಕಾ ಪ್ರಕಟಣೆಯಲ್ಲಿ ಅದೇ ತಾರೀಖಿನ ಅದೇ ಮಾತು ಇದೆಯೇ ನೋಡಬೇಕು. ಅದೂ ಸಾಲದಿದ್ದರೆ ಮಾಹಿತಿ ಹಕ್ಕು ಕಾಯಿದೆಯಲ್ಲಿ ದೃಢೀಕೃತ ಪ್ರತಿ ಕೇಳಬಹುದು. ಕೇಂದ್ರದ ಸಚಿವಾಲಯಕ್ಕೆ ಅರ್ಜಿ ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಉತ್ತರ ಕೊಡಲು 30 ದಿನ. ನ್ಯಾಯಾಲಯದಲ್ಲಾಗಲಿ ಅಧಿಕಾರಿಯ ಮುಂದಾಗಲಿ ಮೊಬೈಲಿನ ಫೋಟೊಗಿಂತ ಆ ಪ್ರತಿಗೆ ಬೆಲೆ.

ಪೀಠಿಕೆ ಬೇರೆ, ಆಜ್ಞೆ ಬೇರೆ

ಅಸಲಿ ಎಂದು ಗೊತ್ತಾದ ಮೇಲೆ ಓದುವುದು. ಅಧಿಸೂಚನೆಯಲ್ಲಿ ಎರಡು ಭಾಗ. ಮೊದಲು ಪೀಠಿಕೆ: ಈ ಅರಣ್ಯ ಎಲ್ಲಿದೆ, ಯಾವ ಮರ, ಯಾವ ಪ್ರಾಣಿ, ಯಾಕೆ ಮಹತ್ವದ್ದು ಎಂಬ ವಿವರಣೆ. ಆಮೇಲೆ ಸಂಖ್ಯೆ ಹಾಕಿದ ಖಂಡಗಳು: ಏನು ಮಾಡಬೇಕು, ಏನು ಕೂಡದು ಎಂಬ ಆಜ್ಞೆ. ಕಾನೂನಿನ ಬಲ ಇರುವುದು ಎರಡನೆಯದಕ್ಕೆ.

ಕೆಂಪು ಗೆರೆ ಎಳೆದ ಸಾಲು ಪೀಠಿಕೆಯದಾಗಿತ್ತು. ಈ ಪ್ರದೇಶಕ್ಕೆ ಪರಿಸರ ಪ್ರವಾಸೋದ್ಯಮವನ್ನು ಬೆಂಬಲಿಸುವ ಅಪಾರ ಸಾಮರ್ಥ್ಯ ಇದೆ ಎಂಬ ಅರ್ಥದ ಮಾತು ಅದು. ಅದು ಯಾವ ಹೋಟೆಲಿಗೂ ಪರವಾನಗಿ ಅಲ್ಲ. ಮದ್ಯ ಮಾಂಸ ಮಾರಲು ಅನುಮತಿ ಕೊಡುವ ವಾಕ್ಯವಂತೂ ಆ ಅಧಿಸೂಚನೆಯಲ್ಲಿ ಇಲ್ಲ. ಅದು ಸಂದೇಶ ಬರೆದವರು ಸೇರಿಸಿದ್ದು.

ಹಾಗಾದರೆ ನಮ್ಮ ಆತಂಕ ಸುಳ್ಳೇ? ಅಲ್ಲ. ಅದನ್ನು ತಿಳಿಯಲು ಇನ್ನೊಂದು ಉಪಾಯವಿದೆ: ಅದೇ ಜಾತಿಯ ಇನ್ನೊಂದು ಕಾಗದವನ್ನು ಪಕ್ಕಕ್ಕಿಟ್ಟು ನೋಡುವುದು. ನಾನು ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಪರಿಸರ ಸೂಕ್ಷ್ಮ ವಲಯದ 2020ರ ಅಧಿಸೂಚನೆಯನ್ನು ತೆಗೆದೆ. ಖಂಡಗಳ ಕ್ರಮ ಒಂದೇ, ಪ್ರವಾಸೋದ್ಯಮದ ಪ್ಯಾರಾ ಹೆಚ್ಚುಕಡಿಮೆ ಒಂದೇ. ಪ್ರವಾಸೋದ್ಯಮ ಮಹಾಯೋಜನೆಯನ್ನು ರಾಜ್ಯದ ಪ್ರವಾಸೋದ್ಯಮ ಇಲಾಖೆ ಅರಣ್ಯ ಇಲಾಖೆಯೊಡನೆ ಸಮಾಲೋಚಿಸಿ ಮಾಡಬೇಕು, ಸಂರಕ್ಷಿತ ಪ್ರದೇಶದ ಗಡಿಯಿಂದ ಒಂದು ಕಿಲೋಮೀಟರಿನೊಳಗೆ ಹೊಸ ಹೋಟೆಲು, ರೆಸಾರ್ಟು ಕೂಡದು ಎಂಬ ಮಾತೂ ಅಚ್ಚಿನಲ್ಲಿ ಒತ್ತಿದಂತೆ ಇದೆ. ಅಂದರೆ ಆ ಪ್ಯಾರಾ ಶಿಖರಜಿಯ ಮೇಲೆ ಕಣ್ಣಿಟ್ಟು ಬರೆದದ್ದಲ್ಲ. ದೇಶದ ತುಂಬ ಬಳಸುವ ಸಿದ್ಧ ನಮೂನೆ. ನಮ್ಮ ಅಂಗಡಿಯ ಬಿಲ್ ಬುಕ್ಕಿನಲ್ಲಿ ಮೊದಲೇ ಅಚ್ಚಾದ ನಿಯಮಗಳಿರುವ ಹಾಗೆ.

ಆದರೆ ಪೀಠಿಕೆ ಹಾಗಲ್ಲ. ಅದು ಆಯಾ ಜಾಗಕ್ಕೆ ಪ್ರತ್ಯೇಕವಾಗಿ ಬರೆದದ್ದು, ರಾಜ್ಯದಿಂದ ಬಂದ ಪ್ರಸ್ತಾವ ಮತ್ತು ವಿವರಗಳ ಮೇಲೆ ನಿಂತದ್ದು. ಕೈಯಲ್ಲಿ ತುಂಬಿದ ಜಾಗ ಅದು. ಅಲ್ಲಿ ಪ್ರವಾಸೋದ್ಯಮದ ಸಾಮರ್ಥ್ಯದ ಮಾತು ಬಂದಿದೆ ಎಂದರೆ ಯಾರದೋ ಮನಸ್ಸಿನಲ್ಲಿ ಆ ಯೋಚನೆ ಇತ್ತು. ಜೊತೆಗೆ, ಎಲ್ಲ ಕಾಡುಗಳಿಗೂ ಒಂದೇ ನಮೂನೆ ಹಾಕುವಾಗ ತೀರ್ಥಕ್ಷೇತ್ರಕ್ಕೂ ಅದೇ ಪ್ರವಾಸೋದ್ಯಮದ ಪ್ಯಾರಾ ಬಂದು ಕೂತಿತು. ಯಾತ್ರೆಗೆ ಬರುವವರಿಗೂ ವಿಹಾರಕ್ಕೆ ಬರುವವರಿಗೂ ಅದರಲ್ಲಿ ಬೇರೆ ಬೇರೆ ಲೆಕ್ಕ ಇಲ್ಲ. ನಮ್ಮ ನಿಜವಾದ ದೂರು ಇಷ್ಟೇ, ಮತ್ತು ಇದು ಗಟ್ಟಿಯಾದ ದೂರು.

ಒಂದು ಪದದ ಮೇಲೆ ನಿಂತ ಲೆಕ್ಕ

ಈಗ 2023ರ ಜನವರಿ 5ರ ಜ್ಞಾಪನಕ್ಕೆ ಬರೋಣ. ಅದರಲ್ಲಿ ಮೂರು ಮುಖ್ಯ ಮಾತುಗಳಿವೆ. ಮೂರನ್ನೂ ನಾವು ಅವಸರದಲ್ಲಿ ಓದಿದೆವು.

ಮೊದಲನೆಯ ಮಾತು: ಪಾರಸನಾಥ ಅಭಯಾರಣ್ಯದ ನಿರ್ವಹಣಾ ಯೋಜನೆಯ 7.6.1ನೇ ಖಂಡವನ್ನು ರಾಜ್ಯ ಸರ್ಕಾರ ಕಟ್ಟುನಿಟ್ಟಾಗಿ ಜಾರಿ ಮಾಡಬೇಕು. ಮಾದಕ ವಸ್ತು, ಜೋರು ಸಂಗೀತ, ಧ್ವನಿವರ್ಧಕ, ಪವಿತ್ರ ಸ್ಥಳಗಳನ್ನು ಅಪವಿತ್ರಗೊಳಿಸುವುದು, ಸಾಕುಪ್ರಾಣಿ ತರುವುದು, ಅನುಮತಿಯಿಲ್ಲದ ಕ್ಯಾಂಪು, ಚಾರಣ ಇವೆಲ್ಲ ಆ ಖಂಡದ ಪ್ರಕಾರ ನಿಷಿದ್ಧ. ಬೆಟ್ಟದ ಮೇಲೆ ಮದ್ಯ ಮತ್ತು ಮಾಂಸಾಹಾರದ ಮಾರಾಟ, ಸೇವನೆಯ ಮೇಲಿನ ನಿರ್ಬಂಧವನ್ನೂ ಜಾರಿ ಮಾಡಬೇಕು ಎಂದಿದೆ. ಇದನ್ನು ನಾವು "ಹೊಸ ನಿಷೇಧ" ಎಂದು ಹಂಚಿದೆವು. ಕಾಗದ ಹೇಳುವುದು ಹಾಗಲ್ಲ. 7.6.1ನೇ ಖಂಡದ ನಿಯಮಗಳು ಮೊದಲೇ ಇದ್ದವು. ಜಾರಿ ಮಾಡಿ ಎಂದು ಈಗ ಹೇಳಿದ್ದಾರೆ. ಒಂದು ಕಾಗದ ಇನ್ನೊಂದನ್ನು ಹೆಸರಿಸಿದರೆ ಆ ಇನ್ನೊಂದನ್ನೂ ತರಿಸಿ ಓದಬೇಕು ಎಂಬುದು ಇಲ್ಲಿಯ ಪಾಠ. ನಾಳೆ ಬೆಟ್ಟದ ಮೇಲೆ ತಪ್ಪು ಕಂಡರೆ ದೂರು ಬರೆಯುವಾಗ ಜ್ಞಾಪನದ ತಾರೀಖು ಮಾತ್ರವಲ್ಲ, ಆ ಖಂಡದ ಸಂಖ್ಯೆಯನ್ನೂ ಬರೆಯಬೇಕು. 2025ರಲ್ಲಿ ಜಾರ್ಖಂಡ್ ಹೈಕೋರ್ಟು ರಾಜ್ಯ ಸರ್ಕಾರಕ್ಕೆ ಹೇಳಿದ್ದೂ ಈ ಜ್ಞಾಪನದ ನಿರ್ಬಂಧಗಳನ್ನು ಜಾರಿ ಮಾಡಿ ಎಂದೇ. ಕೊರತೆ ಇದ್ದದ್ದು ನಿಯಮದಲ್ಲಲ್ಲ, ಜಾರಿಯಲ್ಲಿ.

ಎರಡನೆಯ ಮಾತು: 2019ರ ಅಧಿಸೂಚನೆಯ 3ನೇ ಖಂಡದ ಜಾರಿಗೆ ತಕ್ಷಣದಿಂದ ತಡೆ, ಇದರಲ್ಲಿ ಎಲ್ಲ ಪ್ರವಾಸೋದ್ಯಮ, ಪರಿಸರ ಪ್ರವಾಸೋದ್ಯಮ ಚಟುವಟಿಕೆಗಳು ಸೇರಿವೆ. ಅಂದು ನಮ್ಮ ಗುಂಪುಗಳಲ್ಲಿ ಓಡಾಡಿದ ಸುದ್ದಿ "ಅಧಿಸೂಚನೆ ರದ್ದು". ಕಾಗದದಲ್ಲಿರುವ ಪದ ತಡೆ. ತಡೆ ಬೇರೆ, ರದ್ದು ಬೇರೆ. ಪಾರ್ಟಿ "ಚೆಕ್ಕು ಸದ್ಯ ಬ್ಯಾಂಕಿಗೆ ಹಾಕಬೇಡಿ" ಎಂದರೆ ಬಾಕಿ ತೀರಿತು ಎಂದು ಯಾರೂ ಖಾತೆ ಮುಚ್ಚುವುದಿಲ್ಲ. ರಾಜಪತ್ರದಲ್ಲಿ ಬಂದ ಅಧಿಸೂಚನೆ ನಿಜವಾಗಿ ಬದಲಾಗಬೇಕಾದರೆ ರಾಜಪತ್ರದಲ್ಲೇ ತಿದ್ದುಪಡಿ ಅಧಿಸೂಚನೆ ಬರಬೇಕು. ಅದು ಹೊಸ S.O. ಸಂಖ್ಯೆಯೊಡನೆ ಬರುತ್ತದೆ ಮತ್ತು ತಾನು ತಿದ್ದುತ್ತಿರುವ ಹಳೆಯ ಸಂಖ್ಯೆಯನ್ನು ಹೆಸರಿಸುತ್ತದೆ. ಯಾರಾದರೂ "ಎಲ್ಲ ಮುಗಿಯಿತು" ಎಂದರೆ "ತಿದ್ದುಪಡಿಯ ಸಂಖ್ಯೆ ಎಷ್ಟು?" ಎಂದು ಕೇಳಿ. ಆ ಒಂದು ಪ್ರಶ್ನೆ ಸಾಕು.

ಇದೇ ವಾಕ್ಯದಲ್ಲಿ ಇನ್ನೊಂದು ತೊಡಕಿದೆ. 3ನೇ ಖಂಡ ಎಂದರೆ ಪ್ರವಾಸೋದ್ಯಮ ಮಾತ್ರವಲ್ಲ. ರಾಜ್ಯ ಸರ್ಕಾರ ಕೈಗೊಳ್ಳಬೇಕಾದ ಕ್ರಮಗಳೆಲ್ಲ ಆ ಖಂಡದಲ್ಲಿವೆ: ಭೂಬಳಕೆ, ನೀರಿನ ಸೆಲೆ, ಪ್ರಾಚೀನ ಸ್ಮಾರಕಗಳು, ಶಬ್ದ ಮಾಲಿನ್ಯ, ಪ್ಲಾಸ್ಟಿಕ್ ಮತ್ತು ಕಸ, ಬೆಟ್ಟದ ಇಳಿಜಾರುಗಳ ರಕ್ಷಣೆ. ಅಕ್ಷರ ಹಿಡಿದು ಓದಿದರೆ ತಡೆ ಬಿದ್ದದ್ದು ಇವೆಲ್ಲಕ್ಕೂ. ಉದ್ದೇಶ ಹಿಡಿದು ಓದಿದರೆ ಪ್ರವಾಸೋದ್ಯಮಕ್ಕೆ ಮಾತ್ರ ಎನ್ನಬಹುದು. ಎರಡು ಅರ್ಥಕ್ಕೆ ಎಡೆಯಿರುವ ವಾಕ್ಯ ನಮಗೆ ಅನುಕೂಲವಾಗಿದ್ದಾಗಲೂ ಅದನ್ನು ಗುರುತು ಹಾಕಿಕೊಳ್ಳಬೇಕು. ನಾಳೆ ಇಳಿಜಾರು ಕಡಿಯುವ ಗುತ್ತಿಗೆದಾರ "ಆ ಖಂಡಕ್ಕೆ ತಡೆ ಇದೆಯಲ್ಲ" ಎಂದರೆ ಉತ್ತರ ನಮ್ಮಲ್ಲಿರಬೇಕು.

ಅದೃಷ್ಟಕ್ಕೆ ಗಣಿಗಾರಿಕೆಯ ನಿಷೇಧ ಇರುವುದು 4ನೇ ಖಂಡದ ಕೋಷ್ಟಕದಲ್ಲಿ. ಅಲ್ಲಿ ಮೂರು ಪಟ್ಟಿಗಳು: ನಿಷಿದ್ಧ, ನಿಯಂತ್ರಿತ, ಪ್ರೋತ್ಸಾಹಿತ. ವಾಣಿಜ್ಯ ಗಣಿಗಾರಿಕೆ, ಕ್ವಾರಿ, ಕ್ರಷರ್, ಮಾಲಿನ್ಯ ಮಾಡುವ ಕೈಗಾರಿಕೆ ನಿಷಿದ್ಧ ಪಟ್ಟಿಯಲ್ಲಿವೆ. ಜ್ಞಾಪನ 4ನೇ ಖಂಡವನ್ನು ಮುಟ್ಟಿಲ್ಲ. ಸರ್ಕಾರ ನಮ್ಮ ಮನವಿಯನ್ನು ಅಕ್ಷರಶಃ ಒಪ್ಪದೆ ಹೋದದ್ದೇ ಈ ವಿಷಯದಲ್ಲಿ ಒಳ್ಳೆಯದಾಯಿತು.

ಯಾರ ಕಡೆಗೆ ವಾಲಿದೆ

ಮೂರನೆಯ ಮಾತು ಪಕ್ಷಪಾತದ ವಿಷಯಕ್ಕೆ ನಮ್ಮನ್ನು ತರುತ್ತದೆ. ಅಧಿಸೂಚನೆಯ 5ನೇ ಖಂಡದಲ್ಲಿ ಉಸ್ತುವಾರಿ ಸಮಿತಿ ಇದೆ. ಅದಕ್ಕೆ ಜೈನ ಸಮುದಾಯದ ಇಬ್ಬರನ್ನೂ ಸ್ಥಳೀಯ ಆದಿವಾಸಿ ಸಮುದಾಯದ ಒಬ್ಬರನ್ನೂ ಖಾಯಂ ಆಹ್ವಾನಿತರಾಗಿ ಸೇರಿಸಬೇಕು ಎಂದು ಜ್ಞಾಪನ ಹೇಳಿತು. ನಮ್ಮ ಗುಂಪುಗಳಲ್ಲಿ ಬಂದ ಕನ್ನಡ ಸಾರಾಂಶಗಳಲ್ಲಿ "ಜೈನರಿಬ್ಬರು" ಇತ್ತು, "ಆದಿವಾಸಿ ಒಬ್ಬರು" ಬಿಟ್ಟುಹೋಗಿತ್ತು. ಸುಳ್ಳು ಬರೆದಿರಲಿಲ್ಲ, ಅರ್ಧ ಬರೆದಿದ್ದರು. ಹಂಚಿದವರಲ್ಲಿ ನಾನೂ ಒಬ್ಬ.

ಆ ಬೆಟ್ಟ ಸಂತಾಲರಿಗೆ ಮರಾಂಗ್ ಬುರು, ಅವರ ಪೂಜೆಯ ಜಾಗ. ಅದೇ 2023ರ ಜನವರಿಯಲ್ಲಿ ಆದಿವಾಸಿ ಸಂಘಟನೆಗಳೂ ತಮ್ಮ ಹಕ್ಕಿಗಾಗಿ ಪ್ರತಿಭಟಿಸಿದವು. ಅರ್ಧ ಸಾರಾಂಶ ಓದಿದ ನಮ್ಮವರಿಗೆ ಅದು ಎಲ್ಲಿಂದಲೋ ಬಂದ ವಿರೋಧದಂತೆ ಕಂಡಿತು. ಪೂರ್ತಿ ಓದಿದ್ದರೆ ಅವರ ಹೆಸರು ಕಾಗದದಲ್ಲೇ ಇತ್ತು. ಒಂದು ವಸ್ತುವನ್ನು ಒಂದೇ ಕಡೆಯಿಂದ ನೋಡಿ "ಇಷ್ಟೇ" ಎನ್ನಬಾರದು ಎಂಬುದು ನಮಗೆ ಅನೇಕಾಂತ ಕಲಿಸಿದ ಮಾತು. ಕಾಗದ ಓದುವಾಗಲೂ ಅದು ಕೆಲಸಕ್ಕೆ ಬರುತ್ತದೆ: ಇದೇ ಸಾಲನ್ನು ಇನ್ನೊಂದು ಕಡೆಯವನು ಓದಿದರೆ ಯಾವ ಪದದ ಮೇಲೆ ಬೆರಳಿಡುತ್ತಾನೆ ಎಂದು ಕೇಳಿಕೊಳ್ಳುವುದು.

ಸರ್ಕಾರದ ಕಾಗದವೂ ವಾಲುತ್ತದೆ. ಜನವರಿ 5ರ ಜ್ಞಾಪನದ ಜೊತೆ ಬಂದ ಪತ್ರಿಕಾ ಪ್ರಕಟಣೆ, ಸೂಕ್ಷ್ಮ ವಲಯ ಇರುವುದು ಅಭಯಾರಣ್ಯದ ಹೊರಗೆ, ಅದರ ಉದ್ದೇಶ ಪ್ರವಾಸೋದ್ಯಮಕ್ಕೆ ಉತ್ತೇಜನವಲ್ಲ ಎಂದು ಹೇಳಿತು. ಇದು ಸರಿಯಾದ ಮಾತು. ಆದರೆ ಪೀಠಿಕೆಯಲ್ಲಿ ತಾನೇ ಬರೆದ ಪ್ರವಾಸೋದ್ಯಮದ ಸಾಮರ್ಥ್ಯದ ಸಾಲನ್ನು ಅಲ್ಲಿ ಎತ್ತಲಿಲ್ಲ. ಪ್ರಕಟಣೆ ಎಂದರೆ ಬರೆದವರ ಸಮರ್ಥನೆ. ಮೂಲದ ಪಕ್ಕ ಇಟ್ಟುಕೊಂಡೇ ಓದಬೇಕು.

ರಾಜಕೀಯದವರ ಮಾತಿಗೆ ತಾರೀಖೇ ಔಷಧ. ಒಬ್ಬರು ಇದೆಲ್ಲ ಕೇಂದ್ರದ ಕೆಲಸ ಎಂದರು, ಇನ್ನೊಬ್ಬರು ರಾಜ್ಯದ ಕೆಲಸ ಎಂದರು. ಕಿರ್ದಿ ನೋಡಿ: 2019ರ ಆಗಸ್ಟಿನಲ್ಲಿ ಕೇಂದ್ರದಲ್ಲೂ ಜಾರ್ಖಂಡಿನಲ್ಲೂ ಬಿಜೆಪಿ ಸರ್ಕಾರ. 2022ರ ಜುಲೈನಲ್ಲಿ ಪ್ರವಾಸೋದ್ಯಮ ನೀತಿ ಬಿಡುಗಡೆ ಮಾಡಿದ್ದು ಹೇಮಂತ್ ಸೊರೇನ್ ಅವರ ಸರ್ಕಾರ. 2023ರ ಜನವರಿಯಲ್ಲಿ ಅಧಿಸೂಚನೆಯ ಬಗ್ಗೆ ಸೂಕ್ತ ನಿರ್ಧಾರ ಕೈಗೊಳ್ಳಿ ಎಂದು ಕೇಂದ್ರಕ್ಕೆ ಬರೆದದ್ದೂ ಅವರೇ, ತಡೆ ಕೊಟ್ಟದ್ದು ಕೇಂದ್ರ. ಇದರಲ್ಲಿ ಯಾರ ಕೈಯೂ ಪೂರ್ತಿ ಸ್ವಚ್ಛವಲ್ಲ, ಯಾರೊಬ್ಬರ ತಪ್ಪೂ ಅಲ್ಲ. ಯಾವ ಪಕ್ಷದ ಮಿತ್ರರು ಸಂದೇಶ ಕಳಿಸಿದರೂ ಈ ನಾಲ್ಕು ಸಾಲು ಮುಂದಿಡಿ.

ಇನ್ನೊಂದು ಕೇಳಬೇಕಾದ್ದು: ಕಾಗದ ಯಾವುದನ್ನು ಹೇಳದೆ ಬಿಟ್ಟಿದೆ? ಸೂಕ್ಷ್ಮ ವಲಯದ ಅಧಿಸೂಚನೆ ಅಂತಿಮವಾಗುವ ಮೊದಲು ಕರಡು ಪ್ರಕಟವಾಗಿ, ಬಾಧಿತರು ಆಕ್ಷೇಪಣೆ ಸಲ್ಲಿಸಲು 60 ದಿನ ಕೊಡಲಾಗುತ್ತದೆ. ಆ ಅರವತ್ತು ದಿನಗಳಲ್ಲಿ ನಾವು ಎಲ್ಲಿದ್ದೆವು? ವರ್ಷಗಳ ನಂತರ ಬೀದಿಗೆ ಬಂದ ನಾವು ಅಂದು ಒಂದು ಪುಟದ ಆಕ್ಷೇಪಣೆಗೆ ಎಚ್ಚರವಾಗಿರಬೇಕಿತ್ತು. ಈ ಪ್ರಶ್ನೆಯನ್ನು ಸರ್ಕಾರಕ್ಕಿಂತ ಮೊದಲು ನಮಗೇ ಕೇಳಿಕೊಳ್ಳಬೇಕು.

ಮುಂದಿನ ಮನವಿಯಲ್ಲಿ ಏನಿರಬೇಕು

ಹೋದ ವರ್ಷ ಮತ್ತೊಂದು ಮನವಿಯ ಮಾತು ಬಂದಾಗ ಯುವಕರು ಹಳೆಯ ಪ್ರತಿಯನ್ನೇ ತಂದರು. "ಇದೇ ಐತಲ್ಲ, ತಾರೀಖು ಬದಲ್ ಮಾಡೂಣ್ರಿ" ಎಂದರು. ನಾನು ಬೇಡವೆಂದು ನಾಲ್ಕು ಬೇಡಿಕೆಗಳನ್ನು ಬರೆದುಕೊಟ್ಟೆ. ಇಲ್ಲಿಯೂ ಕೊಡುತ್ತೇನೆ, ಬೇಕಾದವರು ತಿದ್ದಿ ಬಳಸಿಕೊಳ್ಳಿ.

ಒಂದು, 2019ರ ಅಧಿಸೂಚನೆಯ 3ನೇ ಖಂಡದ ಪ್ರವಾಸೋದ್ಯಮದ ಉಪಖಂಡವನ್ನು ರಾಜಪತ್ರದ ತಿದ್ದುಪಡಿಯ ಮೂಲಕ ತೆಗೆಯಬೇಕು. ಜ್ಞಾಪನದ ತಡೆಯ ಮೇಲೆ ತೀರ್ಥ ನಿಲ್ಲಬಾರದು.

ಎರಡು, ಅದೇ ಖಂಡದ ಶಬ್ದ, ಕಸ, ನೀರು, ಇಳಿಜಾರಿನ ರಕ್ಷಣೆಗಳೂ 4ನೇ ಖಂಡದ ಗಣಿ ನಿಷೇಧವೂ ಉಳಿಯಬೇಕು ಎಂದು ಸ್ಪಷ್ಟವಾಗಿ ಬರೆಯಬೇಕು.

ಮೂರು, ನಿರ್ವಹಣಾ ಯೋಜನೆಯ 7.6.1ನೇ ಖಂಡ ಎಷ್ಟು ಜಾರಿಯಾಗಿದೆ, ಎಷ್ಟು ಪ್ರಕರಣ ದಾಖಲಾಗಿವೆ ಎಂದು ಕೇಳಬೇಕು.

ನಾಲ್ಕು, ಉಸ್ತುವಾರಿ ಸಮಿತಿಯ ವರದಿ. ಪ್ರತಿ ವರ್ಷ ಮಾರ್ಚ್ 31ರವರೆಗಿನ ಕ್ರಮಗಳ ವರದಿಯನ್ನು ಜೂನ್ 30ರೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಡಬೇಕು ಎಂಬುದು ಈ ಅಧಿಸೂಚನೆಗಳ ನಿಯಮ. ಸಮಿತಿ ಎಷ್ಟು ಬಾರಿ ಸೇರಿತು, ಜೈನ ಮತ್ತು ಆದಿವಾಸಿ ಆಹ್ವಾನಿತರಿಗೆ ಕರೆ ಹೋಯಿತೇ ಎಂಬುದು ಆ ವರದಿಯಲ್ಲೂ ನಡವಳಿಯಲ್ಲೂ ಸಿಗುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಏಕೆಂದರೆ ಆಜ್ಞೆ ಹೇಳುವುದು ಏನಾಗಬೇಕು ಎಂದು. ವರದಿ ಹೇಳುವುದು ಏನಾಯಿತು ಎಂದು.

ಬೇಡಿಕೆಗಳನ್ನು ಓದಿದ ಒಬ್ಬ ಹಿರಿಯರು "ಇದರೊಳಗ ಜೋಶ್ ಇಲ್ಲಲ್ಲೋ ಮಾರಾಯ" ಎಂದರು. ಮೆರವಣಿಗೆಯಲ್ಲಿ ಜೋಶ್ ಇರಲಿ ಅಣ್ಣಾರೆ, ಕಾಗದದಲ್ಲಿ ಖಂಡದ ಸಂಖ್ಯೆ ಇರಲಿ ಎಂದೆ. ನಕ್ಕು ಸಹಿ ಹಾಕಿದರು. ಹಾಕುವ ಮೊದಲು ಕನ್ನಡಕ ಕೇಳಿ ತೆಗೆದುಕೊಂಡು, ಎರಡೂ ಪುಟ ಓದಿದರು.